ಭುವನಾ ಬದಲಿಸಿದ ಬಟನ್ ಹೆಸರು

ಭುವನಾ ಕೆಲಸದಲ್ಲಿ ಅಚ್ಚುಕಟ್ಟು, ಆದ್ರೆ ಆತುರಗಾತಿ. ಬೀರೂರಲ್ಲಿ ಪೈಪು, ನಲ್ಲಿ ಮಾರೋ ಅಂಗಡಿ ಮೇಲೆ ನಮ್ಮದೊಂದು ರೂಮಿದೆ. ನಾನು, ಅವಳು, ಎರಡು ಟೇಬಲ್ಲು, ಒಂದು ಫ್ಯಾನು. ಯಾರ್ಯಾರದೋ ಕಂಪನಿಗಳಿಗೆ ಐಫೋನ್, ಐಪ್ಯಾಡ್ ಆ್ಯಪ್ ಮಾಡಿಕೊಡ್ತೀವಿ. ನನ್ನನ್ನ ರಘಣ್ಣ ಅಂತಾಳೆ, ಬೈದ್ರೆ ಎರಡು ಪಟ್ಟು ವಾಪಸ್ ಬೈತಾಳೆ. ಅಂಥವಳು ಅತ್ತಿದ್ದನ್ನ ನಾನು ನೋಡಿದ್ದು ಒಂದೇ ಸಲ.

ಅವಳ ಅಪ್ಪ ಈರಭದ್ರಪ್ಪನವರು ರೈಲ್ವೆ ಗ್ಯಾಂಗ್‌ನಲ್ಲಿದ್ದವರು. ಹಳಿ ಮೇಲೆ ನಿಂತು ಕೂಗಿದ್ರೆ ಜಂಕ್ಷನ್ ಆ ತುದೀಲಿರೋರು ತಿರುಗಿ ನೋಡೋರಂತೆ. ಹೋದ ವರ್ಷ ಲಕ್ವ ಹೊಡೀತು. ಬಲಗೈ ಹೋಯ್ತು, ಮಾತೂ ಹೋಯ್ತು. ಬರೆಯೋಕೂ ಆಗಲ್ಲ. ಹೌದಾ ಅಂದ್ರೂ ತಲೆ ಆಡಿಸ್ತಾರೆ, ಅಲ್ವಾ ಅಂದ್ರೂ ಆಡಿಸ್ತಾರೆ. ಆದ್ರೆ ಚಿತ್ರ ತೋರಿಸಿದ್ರೆ ಬೆರಳಿಡ್ತಾರೆ. ಇವಳಿಗೆ ಅಷ್ಟು ಸಾಕಾಯ್ತು. ಹಳೇ ಐಪ್ಯಾಡ್ ಒಂದು ತಂದು ಅಪ್ಪನಿಗೇ ಅಂತ ಒಂದು ಆ್ಯಪ್ ಕಟ್ಟಿದ್ಲು. ಮೊದಲ ಪುಟದಲ್ಲಿ ಕಾಫಿ, ಊಟ, ನೀರು. ಎರಡನೇ ಪುಟದಲ್ಲಿ ದೀಪ, ಫ್ಯಾನು, ಆಮೇಲೆ ಒಂದು ಮನುಷ್ಯನ ಚಿತ್ರ: ತಲೆ, ಎದೆ, ಹೊಟ್ಟೆ, ಕಿಬ್ಬೊಟ್ಟೆ, ಬೆನ್ನು. ನೋವಿರೋ ಕಡೆ ಒತ್ತಿದ್ರೆ ಅದು ಭುವನಾಳ ದನೀಲಿ ಹೇಳುತ್ತೆ. ಎಡಗೈ ಬೆರಳಲ್ಲಿ ಅವರು ದಿನಾ ಮಾತಾಡ್ತಿದ್ರು ಕಣ್ರೀ.

ಒಂದು ಸಂಜೆ ಅವಳು ಮನೇಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದಾಗ ಅವಳಮ್ಮ ಹುಲಿಗೆಮ್ಮ ಪಕ್ಕಕ್ಕೆ ಬಂದು ಕೂತ್ರು. ಪರದೆ ಮೇಲೆ 'ದೀಪ ಆರಿಸು' ಅಂತ ಬಟನ್ನು.

"ಏನೇ ಇದು, ಮಲಗಿರೋ ಮನುಷ್ಯನ ಮುಂದೆ ಆರಿಸು ಅಂತ ಬರ್ದಿದ್ದೀಯಾ? ದೀಪ ದೊಡ್ಡದು ಮಾಡು ಅನ್ನಬೇಕು ಕಣೇ."

ನಮ್ಮ ಕಡೆ ದೀಪ ಆರಿಸು ಅನ್ನಲ್ಲ, ಬಳೆ ಒಡೀತು ಅನ್ನಲ್ಲ. ಅದ್ರಲ್ಲೂ ಕಾಯಿಲೆ ಇರೋ ಮನೇಲಿ. ಭುವನಾ ನಗದೆ ಬಟನ್ ಮೇಲಿನ ಅಕ್ಷರ ಬದಲಿಸಿದ್ಲು. ಅಷ್ಟಕ್ಕೇ ಬಿಟ್ಟಿದ್ರೆ ಏನೂ ಆಗ್ತಿರಲಿಲ್ಲ. ಅಮ್ಮನ ಮಾತು ಅವಳ ಮನಸ್ಸಿಗೂ ನಾಟಿತ್ತು, ಕೋಡಿನೊಳಗೂ ಆ ಪದ ಬೇಡ ಅನ್ನಿಸ್ತು.

ಪರದೆ ಮೇಲಿನ ಬಟನ್ನನ್ನ ಕೋಡು ಗುರುತು ಹಿಡಿಯೋಕೆ ಒಂದು ಹೆಸರು ಬೇಕು, ಅದಕ್ಕೆ ಔಟ್‌ಲೆಟ್ ಅಂತೀವಿ. ಆ ಹೆಸರು ಎರಡು ಕಡೆ ಇರುತ್ತೆ. ಒಂದು ಕೋಡಲ್ಲಿ, ಇನ್ನೊಂದು ಪರದೆಯ ನಕ್ಷೆ ಇರೋ ಸ್ಟೋರಿಬೋರ್ಡಲ್ಲಿ. ಆ್ಯಪ್ ಬರೆಯೋ ಎಕ್ಸ್‌ಕೋಡ್‌ನಲ್ಲಿ ರೀನೇಮ್ ಅಂತ ಒಂದು ಸೌಲಭ್ಯ ಇದೆ, ಅದರಲ್ಲಿ ಮಾಡಿದ್ರೆ ಎರಡೂ ಕಡೆ ಬದಲಾಗುತ್ತೆ. ಅವಳ ಹಳೇ ಮ್ಯಾಕ್ ಲ್ಯಾಪ್‌ಟಾಪಲ್ಲಿ ಅದು ಸುತ್ತುತ್ತಾನೇ ಇರುತ್ತೆ. ಇವಳಿಗೆ ತಾಳ್ಮೆ ಎಲ್ಲಿಂದ ಬರ್ಬೇಕು? ಕೋಡಿನ ಫೈಲಲ್ಲಿ deepaArisu ಹುಡುಕಿ ಎಲ್ಲಾ ಕಡೆ deepaDodda ಮಾಡಿದ್ಲು. ಕಂಪೈಲ್ ಆಯ್ತು, ಒಂದು ತಕರಾರೂ ಬರಲಿಲ್ಲ. ಐಪ್ಯಾಡಿಗೆ ಹಾಕಿದ್ಲು, ಮೊದಲ ಪುಟ ಬಂತು, ಅಪ್ಪ ಕಾಫಿ ಒತ್ತಿದ್ರು, ಮುಚ್ಚಿಟ್ಟು ಮಲಗಿದ್ಲು. ಎರಡನೇ ಪುಟ ತೆಗೆದು ನೋಡಲೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಅವಳು ರೂಮಿಗೆ ಬಂದು ಸ್ವಲ್ಪ ಹೊತ್ತಿಗೇ ತಮ್ಮ ಪರಮೇಶ್ ಫೋನ್ ಮಾಡಿದ. ಅಪ್ಪ ಒದ್ದಾಡ್ತಿದ್ರು, ಆಟೋದಲ್ಲಿ ಹಾಕ್ಕೊಂಡು ಕಡೂರಿನ ನರ್ಸಿಂಗ್ ಹೋಮಿಗೆ ಬಂದಿದ್ದೀನಿ ಅಂದ. "ಅಕ್ಕ, ಎಲ್ಲಿ ನೋವು ಅಂತ ಕೇಳೋಣ ಅಂದ್ರೆ ಐಪ್ಯಾಡಲ್ಲಿ ನೋವಿನ ಪುಟ ಒತ್ತಿದ ತಕ್ಷಣ ಮುಚ್ಕೊಳ್ತಾ ಇದೆ. ಅಪ್ಪ ಒತ್ತಿ ಒತ್ತಿ ಅಳ್ತಾ ಇದಾರೆ."

ಅವಳು ಫೋನ್ ಇಟ್ಟವಳೇ ಎದ್ಲು. ಮ್ಯಾಕ್ ಚೀಲಕ್ಕೆ ತುರುಕಿದ್ಲು, ನಾನು ಬೈಕ್ ತೆಗೆದೆ. ದಾರಿಯುದ್ದಕ್ಕೂ ಹಿಂದೆ ಕೂತು ಒಂದೇ ಮಾತು: "ನಾನೇ ಹಾಳು ಮಾಡ್ದೆ ರಘಣ್ಣ, ನಾನೇ."

ಒಳಗೆ ಹೋದ್ರೆ ಈರಭದ್ರಪ್ಪನವರು ಮಂಚದ ಕಂಬಿ ಹಿಡಿದು ಕಾಲು ಬಡೀತಿದಾರೆ. ಗಂಟಲಿಂದ ಬರೋದು ಒಂದೇ ಸದ್ದು. ಡಾಕ್ಟ್ರು ಎದೆ ನೋಡಿದ್ರು, ಇಸಿಜಿ ಮಾಡಿಸಿದ್ರು, ಏನೂ ಕಾಣ್ಲಿಲ್ಲ. ಹೊಟ್ಟೆ ಮುಟ್ಟೋಕೆ ಹೋದ್ರೆ ಕೈ ತಳ್ಳಿಬಿಡ್ತಾರೆ. "ಲಕ್ವ ಆದವರಿಗೆ ಕೆಲವು ಸಲ ಹೀಗೆ ಗಾಬರಿ ಆಗುತ್ತೆ. ನಿದ್ದೆ ಬರೋ ಇಂಜೆಕ್ಷನ್ ಕೊಡೋಣ" ಅಂದ್ರು ಡಾಕ್ಟ್ರು.

"ಬೇಡಿ ಸಾರ್, ಹೇಳ್ತಾರೆ ಅವ್ರು, ಸ್ವಲ್ಪ ತಡೀರಿ" ಅಂತ ಭುವನಾ ಕೈ ಮುಗಿದ್ಲು. ನರ್ಸು ಆಗಲೇ ಸಿರಿಂಜಿಗೆ ಔಷಧಿ ಎಳೀತಿದ್ಲು.

ಮಂಚದ ಪಕ್ಕ ನೆಲದ ಮೇಲೇ ಕೂತು ಐಪ್ಯಾಡಿಗೆ ಕೇಬಲ್ ಚುಚ್ಚಿದ್ಲು. ರನ್ ಮಾಡಿ ಎರಡನೇ ಪುಟ ಒತ್ತಿದ್ಲು. ಆ್ಯಪ್ ಬಿತ್ತು, ಅಂದ್ರೆ ತಾನೇ ಮುಚ್ಕೊಂತು. ಮ್ಯಾಕಲ್ಲಿ ಕೆಳಗೆ ಕೆಂಪಕ್ಷರ: deepaArisu ಅನ್ನೋ ಹೆಸರು ಈ ಪುಟದ ಕೋಡಿಗೆ ಗೊತ್ತಿಲ್ಲ ಅನ್ನೋ ಅರ್ಥದ ತಕರಾರು. ಅವಳು ಕೋಡಿನ ಫೈಲಲ್ಲಿ ಹುಡುಕಿದ್ಲು, ಎಲ್ಲೂ ಇಲ್ಲ. "ಇಲ್ಲದೇ ಇರೋ ಹೆಸರು ಯಾರು ಕೇಳ್ತಿದಾರೆ ರಘಣ್ಣ?" ಮತ್ತೆ ಹುಡುಕಿದ್ಲು. ದಿನಾ ಮಾಡೋ ಕೆಲಸ, ಮಲಗಿದ್ದವಳನ್ನ ಎಬ್ಬಿಸಿ ಕೇಳಿದ್ರೂ ಹೇಳೋಳು. ಅಪ್ಪನ ನರಳಾಟ ಕಿವೀಲಿ ತುಂಬ್ಕೊಂಡು ತಲೆ ನಿಂತುಹೋಗಿತ್ತು.

"ಸ್ಟೋರಿಬೋರ್ಡ್ ತೆಗಿ ತಾಯಿ" ಅಂದೆ, ಗದರಿಸೇ ಅಂದೆ.

ತೆಗೆದ್ಲು. ಆ ಪುಟದ ಕನೆಕ್ಷನ್‌ಗಳಲ್ಲಿ ಹಳೇ ಹೆಸರು ಹಳದಿ ಗುರುತು ಹೊತ್ಕೊಂಡು ಹಾಗೇ ಕೂತಿದೆ. ಅದನ್ನ ಕಿತ್ತುಹಾಕಿ ಕೂಡಲೇ ಆ್ಯಪ್ ಓಡಿಸಿದ್ಲು. ಮತ್ತೆ ಬಿತ್ತು. ಹಳೇದು ಕಿತ್ತಿದ್ಲು, ಹೊಸ ಹೆಸರನ್ನ ಬಟನ್ನಿಗೆ ಕಟ್ಟಿರಲಿಲ್ಲ. ಕೋಡು ಬಟನ್ನಿನ ಮೂಲೆ ದುಂಡಗೆ ಮಾಡೋಣ ಅಂತ ಹೋದ್ರೆ ಅಲ್ಲಿ ಬಟನ್ನೇ ಇಲ್ಲ.

"ಅಮ್ಮಾ, ಇನ್ನು ಕಾಯೋಕಾಗಲ್ಲ" ಅಂದ್ರು ಡಾಕ್ಟ್ರು. ಪರಮೇಶ್ ಅಡ್ಡ ನಿಂತ. ಭುವನಾ ಅಳ್ತಾ ಅಳ್ತಾನೇ ಹೊಸ ಹೆಸರಿಂದ ಬಟನ್ನಿಗೆ ಗೆರೆ ಎಳೆದ್ಲು. ಕಣ್ಣೀರಲ್ಲಿ ಸರಿಯಾಗಿ ಕಾಣದೆ ಗೆರೆ ಫ್ಯಾನಿನ ಬಟನ್ನಿಗೆ ಬಿತ್ತು. ಅಳಿಸಿ ಮತ್ತೆ ಎಳೆದ್ಲು. ಈ ಸಲ ಪುಟ ತೆರೀತು, ಮನುಷ್ಯನ ಚಿತ್ರ ಬಂತು, ನಿಂತ್ಕೊಂತು.

"ಅಪ್ಪಾ, ಎಲ್ಲಿ ನೋವು, ಒತ್ತಪ್ಪ" ಅಂತ ಐಪ್ಯಾಡು ಮುಂದೆ ಹಿಡಿದ್ಲು. ಈರಭದ್ರಪ್ಪನವರು ಕೈ ಹಿಂದಕ್ಕೆ ಎಳ್ಕೊಂಡ್ರು. ಬೆಳಿಗ್ಗೆಯಿಂದ ಮುಖದ ಮೇಲೇ ಮುಚ್ಕೊಂಡಿದ್ದ ಯಂತ್ರ ಅದು, ಯಾಕೆ ನಂಬ್ತಾರೆ? ಮುಖ ಗೋಡೆ ಕಡೆ ತಿರುಗಿಸಿದ್ರು. ಭುವನಾ ತಾನೇ ತಲೆ ಒತ್ತಿ ತೋರಿಸಿದ್ಲು, ಎದೆ ಒತ್ತಿ ತೋರಿಸಿದ್ಲು. "ನೋಡಪ್ಪ, ಮಾತಾಡ್ತಿದೆ. ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ ಒತ್ತಪ್ಪ." ಅಲ್ಲಿದ್ದ ಯಾರಿಗೂ ಅವಳ ಮುಖ ನೋಡೋಕಾಗ್ಲಿಲ್ಲ, ನನಗೂ ಆಗ್ಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಎಡಗೈ ಬಂತು. ಕಿಬ್ಬೊಟ್ಟೆ ಒತ್ತಿದ್ರು. ಮತ್ತೆ ಒತ್ತಿದ್ರು. ಬೆರಳು ಎತ್ತದೆ ಒತ್ತಿ ಹಿಡ್ಕೊಂಡ್ರು.

ಡಾಕ್ಟ್ರು ಅಲ್ಲಿ ಕೈ ಇಟ್ರು, ಈ ಸಲ ತಳ್ಳಲಿಲ್ಲ. ಕಲ್ಲಿನ ಹಾಗೆ ಬಿಗಿದಿತ್ತು. ಹಿಂದಿನ ದಿನದಿಂದ ಮೂತ್ರ ಕಟ್ಟಿತ್ತು. ಟ್ಯೂಬ್ ಹಾಕಿ ಸ್ವಲ್ಪ ಹೊತ್ತಿಗೆ ಕಾಲು ಬಡಿಯೋದು ನಿಂತು ನಿದ್ದೆ ಹೋದ್ರು. ನರ್ಸು ಸಿರಿಂಜನ್ನ ಕಸದ ಡಬ್ಬಕ್ಕೆ ಹಾಕಿದ್ಲು.

ಈಗ ಆ ನೋವಿಲ್ಲ, ಆ ಆ್ಯಪ್ ಅವತ್ತಿಂದ ಒಂದು ಸಲವೂ ಬಿದ್ದಿಲ್ಲ. ಹೋದ ವಾರ ಅವರ ಮನೆಗೆ ಹೋಗಿದ್ದೆ. ಈರಭದ್ರಪ್ಪನವರಿಗೆ ಕಾಫಿ ಬೇಕಿತ್ತು. ಬೆರಳು ಪರದೆ ಹತ್ರ ತಂದ್ರು, ಒತ್ತಲಿಲ್ಲ, ಮಗಳ ಮುಖ ನೋಡಿದ್ರು. ಈಗ ಯಾವುದನ್ನ ಒತ್ತೋಕೂ ಮುಂಚೆ ಹಾಗೇ ನೋಡ್ತಾರಂತೆ. ಭುವನಾ ಕೈಲಿದ್ದ ಕೆಲಸ ಬಿಟ್ಟು ಎದ್ದುಬಂದು ಪಕ್ಕದಲ್ಲಿ ನಿಂತ್ಲು. "ಒತ್ತಪ್ಪ, ಮುಚ್ಕೊಳಲ್ಲ" ಅಂದ್ಲು. ಆಮೇಲೇ ಒತ್ತಿದ್ರು.