ಅರ್ಜಿಯ ಕೆಳಗೆ ಬಿದ್ದ ಹೋಟೆಲಿನ ಸೀಲು

ಸೀಲು ಹಾಕಿದ್ದು ಯಶೋದಮ್ಮನೇ. ಹಾಕುವಾಗ ಒಂದು ಗಳಿಗೆಯೂ ಯೋಚಿಸಲಿಲ್ಲ; ಮೊಮ್ಮಗಳಿಗೆ ಒಳ್ಳೆಯದಾಗಲಿ ಎಂದೇ ಹಾಕಿದಳು.

ಗುಜರಾತಿನ ಮಕರಪುರದ ಕಾರ್ಖಾನೆಗಳ ಸಾಲಿನ ಎದುರು ಅವಳ ಗಂಡ ಹಯವದನ ರಾಯರು ಐವತ್ತು ವರ್ಷದ ಹಿಂದೆ ತೆರೆದ ಟಿಫಿನ್ ಹೋಮ್ ಈಗ ಮಗ ಅನಂತರಾಮನ ಕೈಯಲ್ಲಿದೆ. ರಾಯರು ಹೋಗಿ ಒಂಬತ್ತು ವರ್ಷವಾದರೂ ಯಶೋದಮ್ಮ ಬೆಳಿಗ್ಗೆ ಚಟ್ನಿಗೆ ಕಾಯಿ ತುರಿಯುವುದನ್ನು ಬಿಟ್ಟಿಲ್ಲ, ಮಧ್ಯಾಹ್ನ ಮಗ ಮಲಗಿದಾಗ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದನ್ನೂ ಬಿಟ್ಟಿಲ್ಲ. ಓದಿದ್ದು ಬ್ರಹ್ಮಾವರದ ಹತ್ತಿರದ ಶಾಲೆಯಲ್ಲಿ ಮೂರನೇ ಕ್ಲಾಸು. ಗುಜರಾತಿ ಅಕ್ಷರ ಬೋರ್ಡು ನೋಡಿ ನೋಡಿ ಕಲಿತದ್ದು. ಆದರೆ ನೆನಪು ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ.

ಆ ನೆನಪಿನಲ್ಲಿ ಒಂದು ಲಾರಿ ಇದೆ. ಅನಂತರಾಮ ಇನ್ನೂ ತೊದಲುತ್ತಿದ್ದ ಕಾಲ. ಒಂದು ದಿನ ನಗರಪಾಲಿಕೆಯ ಲಾರಿ ಬಂತು. ಫುಟ್‌ಪಾತಿನ ಮೇಲಿದ್ದ ಎರಡು ಬೆಂಚು, ಒಂದು ಮೇಜು, ದೋಸೆಯ ಕಾವಲಿ ಸಮೇತ ಹೇರಿಕೊಂಡು ಹೋಯಿತು. ರಾಯರು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಂಡು ಹೋದರೆ, "ಯಾರು ನೀನು? ಯಾರದ್ದು ಈ ಕಾಗದ?" ಎಂದು ಕಿಟಕಿಯಿಂದ ಹಿಂದಕ್ಕೆ ತಳ್ಳಿದರಂತೆ. ಮಾರನೇ ದಿನ ಪೇಟೆಗೆ ಹೋಗಿ ಹೋಟೆಲಿನ ಹೆಸರಿನ ರಬ್ಬರ್ ಸೀಲು ಮಾಡಿಸಿಕೊಂಡು ಬಂದರು. ಅದೇ ಅರ್ಜಿ, ಅದೇ ಮಾತು, ಕೆಳಗೆ ನೇರಳೆ ಬಣ್ಣದ ಸೀಲು. ಕಾವಲಿ ಮನೆಗೆ ಬಂತು. ಅಂದಿನಿಂದ ಯಶೋದಮ್ಮನ ಮಟ್ಟಿಗೆ ಸೀಲಿಲ್ಲದ ಕಾಗದ ಕಾಗದವೇ ಅಲ್ಲ. ನಡುವೆ ಒಂದು ಸಲ ಫೋನ್ ನಂಬರು ಬದಲಾದಾಗ ಸೀಲನ್ನು ಹೊಸದಾಗಿ ಮಾಡಿಸಿದ್ದೂ ಅವಳ ಹಟದಿಂದಲೇ.

ಹಾಗಾಗಿ ಮೊಮ್ಮಗಳು ಸಂಜನಾ ಬರೆದಿಟ್ಟ ಅರ್ಜಿ ಅವಳ ಕಣ್ಣಿಗೆ ಬೋಳುಬೋಳಾಗಿ ಕಂಡದ್ದು.

ಸಂಜನಾ ಯೂನಿವರ್ಸಿಟಿಯಲ್ಲಿ ಭೂಗೋಳ ಎಂ.ಎ. ಕೊನೆಯ ವರ್ಷ. ಸಾವಲಿ ತಾಲೂಕಿನ ಹಳ್ಳಿಗಳಲ್ಲಿ ಹೆಂಗಸರು ಆಸ್ಪತ್ರೆಗೆ ಎಷ್ಟು ದೂರ ನಡೆಯಬೇಕು ಎಂದು ಅಳೆದು ಬರೆಯಬೇಕಂತೆ. ಎಲ್ಲ ಹಳ್ಳಿಗೂ ಹೋಗಲಾಗದು. ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿ ಕೆಲವನ್ನು ಆರಿಸಬೇಕು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು ಹಳೆಯ ಜನಗಣತಿಯ ಪಟ್ಟಿ. ಆಮೇಲೆ ಕೆಲವು ಹಳ್ಳಿ ಬೇರೆ ತಾಲೂಕಿಗೆ ಹೋಗಿವೆ. "ಸರಕಾರಿ ಪಟ್ಟಿ, ಈಗಿನದ್ದು, ಸಹಿ ಇರುವಂಥದ್ದು ತಾ. ಇಲ್ಲದಿದ್ದರೆ ಈ ವರ್ಷ ನಿನ್ನ ಕೆಲಸ ನಾನು ತೆಗೆದುಕೊಳ್ಳುವುದಿಲ್ಲ" ಎಂದು ಅವಳ ಮೇಡಂ ಹೇಳಿದ್ದರು. ಅದಕ್ಕೇ ಕಲೆಕ್ಟರ್ ಕಚೇರಿಗೆ ಈ ಅರ್ಜಿ. ಫ್ಲ್ಯಾಟಿನಲ್ಲಿ ಟಪಾಲು ಕಳೆದುಹೋಗುತ್ತದೆಂದು ವಿಳಾಸ ಹೋಟೆಲಿನದ್ದು ಕೊಟ್ಟಿದ್ದಳು.

ಅಪ್ಪ ಕಚೇರಿ ಕಡೆ ಹೋಗುವಾಗ ಕೊಡಲಿ ಎಂದು ಅವಳು ಎರಡು ಪ್ರತಿ ಗಲ್ಲಾದ ಮೇಲಿಟ್ಟು ಕಾಲೇಜಿಗೆ ಓಡಿದಳು. ಯಶೋದಮ್ಮ ಡ್ರಾಯರಿನಿಂದ ಸೀಲು ತೆಗೆದು, ಬಾಯಿಂದ ಹಾ ಎಂದು ಹಬೆ ಕೊಟ್ಟು, ಎರಡೂ ಪ್ರತಿಯಲ್ಲಿ ಮೊಮ್ಮಗಳ ಸಹಿಯ ಕೆಳಗೆ ಒತ್ತಿದಳು. ಮಡಚಿ ಲಕೋಟೆಗೆ ಹಾಕಿಯೂ ಇಟ್ಟಳು. ಅನಂತರಾಮ ಬಿಚ್ಚಿ ನೋಡಲೇ ಇಲ್ಲ. ಕಚೇರಿಯ ಕಿಟಕಿಯಲ್ಲಿ ಒಂದನ್ನು ಇಟ್ಟುಕೊಂಡು, ಇನ್ನೊಂದರ ಮೇಲೆ ನಂಬರು, ತಾರೀಖು ಹಾಕಿ ಕೊಟ್ಟರು. ಅದೂ ಲಕೋಟೆಯೊಳಗೇ ವಾಪಸು ಡ್ರಾಯರ್ ಸೇರಿತು.

ಹದಿನಾಲ್ಕನೇ ದಿನ, ಬುಧವಾರ ಮಧ್ಯಾಹ್ನ, ಗಲ್ಲಾದ ಮೇಲಿನ ಫೋನು ಹೊಡೆದುಕೊಂಡಿತು.

"ಕಲೆಕ್ಟರ್ ಕಚೇರಿಯಿಂದ, ಜಮೀನು ಶಾಖೆ. ಹೋಟೆಲಿನ ಮಾಲೀಕರು ಇದ್ದಾರಾ?" ಹೆಂಗಸಿನ ದನಿ, ಗುಜರಾತಿ.

"ಹಾ... ಹೇಳಿ."

"ನಿಮ್ಮ ಹೋಟೆಲು ಸಾವಲಿಯ ಹಳ್ಳಿಗಳ ಪಟ್ಟಿ ಕೇಳಿದೆಯಲ್ಲ, ಯಾವ ಕೆಲಸಕ್ಕೆ? ಜಮೀನು ಖರೀದಿಗಾ? ನಾಳೆ ಹನ್ನೊಂದಕ್ಕೆ ಹೋಟೆಲಿನ ಕಾಗದಪತ್ರ ತಗೊಂಡು ಬನ್ನಿ. ಅರ್ಜಿಗೆ ಸಹಿ ಮಾಡಿದವರೂ ಬರಬೇಕು."

ಫೋನು ಇಟ್ಟ ಮೇಲೆ ಎದುರಿನ ಗಿರಾಕಿ "ಬಿಲ್ಲಿನ ದುಡ್ಡು ತಗೊಳ್ಳಿ" ಎಂದು ಎರಡು ಸಲ ಕರೆದ, ಯಶೋದಮ್ಮನಿಗೆ ಕೇಳಿಸಲಿಲ್ಲ. ಕಿವಿಯಲ್ಲಿ ಲಾರಿಯ ಸದ್ದು. ಡ್ರಾಯರಿನ ಲಕೋಟೆ ಬಿಚ್ಚಿದಳು. ಸಂಜನಾಳ ಸಣ್ಣ ಸಹಿ, ಅದರ ಕೆಳಗೆ ಅದಕ್ಕಿಂತ ಮೂರು ಪಟ್ಟು ದೊಡ್ಡದಾಗಿ ಹೋಟೆಲಿನ ಹೆಸರು. ಅಯ್ಯೋ ದೇವರೇ, ಇದು ಹುಡುಗಿಯ ಅರ್ಜಿಯ ಹಾಗೆ ಎಲ್ಲಿ ಉಳಿದಿದೆ? ಹೋಟೆಲಿನ ಅರ್ಜಿಯೇ ಆಗಿಹೋಗಿದೆಯಲ್ಲ.

ಸಂಜೆ ಸಂಜನಾ ಬಂದವಳೇ ಚೀಲ ಎಸೆದಳು. "ಅಜ್ಜಿ, ಟಪಾಲು ಬಂತಾ? ಸೋಮವಾರ ಲಾಸ್ಟ್. ಲಿಸ್ಟ್ ಇಲ್ದಿದ್ರೆ ಮೇಡಂ ನನ್ನನ್ನ ನೆಕ್ಸ್ಟ್ ಇಯರ್‌ಗೆ ಹಾಕ್ತಾರೆ. ಪೂರಾ ಒಂದು ವರ್ಷ!"

"ಟಪಾಲು ಬರ್ಲಿಲ್ಲ ಮಗಾ. ಫೋನು ಬಂದಿತ್ತು. ನಾಳೆ ಹನ್ನೊಂದಕ್ಕೆ ನೀನು ಬರ್ಬೇಕಂತೆ."

"ಅರೇ ವಾ! ಕೊಡ್ತಾರೆ ಅಂತ ಆಯ್ತಲ್ಲ. ನಿನ್ನ ಮುಖ ಯಾಕೆ ಹೀಗೆ? ಇಡ್ಲಿ ಕೆಟ್ಟುಹೋಯ್ತಾ?"

"ಎಂತ ಇಲ್ಲ. ನಾನೂ ಬರ್ತೇನೆ."

"ನೀನಾ? ಎಂತಕ್ಕೆ?"

"ಒಬ್ಳೇ ಹುಡುಗಿ ಸರಕಾರದ ಕಚೇರಿಗೆ ಹೋಗುದಾ? ಸುಮ್ಮನಿರು ಮಾರಾಯ್ತಿ."

ಇಷ್ಟೇ ಹೇಳಿದಳು. ಸೀಲಿನ ಮಾತು ಎತ್ತಲಿಲ್ಲ. ಮಗನ ಹತ್ತಿರ ಹೇಳಿದರೆ ಅವನು ಕೂಗಾಡುತ್ತಾನೆ. ಹುಡುಗಿಯ ಹತ್ತಿರ ಹೇಳಿದರೆ ಅವಳು ಅಳುತ್ತಾಳೆ. ವರ್ಷ ಹೋದರೆ ಯಾರು ಕಳೆದದ್ದು? ಬೆಳಿಗ್ಗೆ ಕಾಯಿ ತುರಿಯುವಾಗ ಕೈ ಎರಡು ಸಲ ಜಾರಿತು.

ಕಪಾಟಿನಿಂದ ಹೋಟೆಲಿನ ಲೈಸೆನ್ಸು, ಬಾಡಿಗೆ ಕರಾರು, ಯಾವುದೋ ಹಳೆಯ ರಸೀದಿ, ಕೈಗೆ ಸಿಕ್ಕಿದ್ದನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದಳು. ಸೀಲನ್ನೂ ತೆಗೆದುಕೊಂಡಳು. ಅದು ಎಂತಕ್ಕೆ ಎಂದು ಅವಳಿಗೂ ಗೊತ್ತಿಲ್ಲ. ಇನ್ಯಾರೂ ಮುಟ್ಟದಿರಲಿ ಎಂದೋ, ಕೇಳಿದರೆ ಒಪ್ಪಿಸಿಬಿಡಬೇಕು ಎಂದೋ. ರಿಕ್ಷಾದಲ್ಲಿ ಕೂತಾಗಿನಿಂದ ಅದು ಅವಳ ಮುಷ್ಟಿಯಲ್ಲಿತ್ತು, ಸೆರಗಿನ ಒಳಗೆ.

ಜಮೀನು ಶಾಖೆಯಲ್ಲಿ ಬೀರುಗಳ ನಡುವೆ ನಾಲ್ಕು ಮೇಜು. ಫೋನು ಮಾಡಿದ ಗುಮಾಸ್ತೆಯ ಹೆಸರು ನಳಿನಿಬೇನ್. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡೇ ಇಬ್ಬರನ್ನೂ ನೋಡಿದಳು.

"ಹೋಟೆಲಿನವರು ನೀವಾ? ಸಹಿ ಯಾರದ್ದು?"

"ನನ್ನದು ಮೇಡಂ. ನಾನು ಸ್ಟೂಡೆಂಟ್. ಹೋಟೆಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಬರೀ ವಿಳಾಸ ಅಷ್ಟೇ."

"ಸಂಬಂಧ ಇಲ್ಲವಾ? ಮತ್ತೆ ಇದು?" ನಳಿನಿಬೇನ್ ಫೈಲು ತಿರುಗಿಸಿ ತೋರಿಸಿದಳು. "ಸಹಿಯ ಕೆಳಗೆ ಹೋಟೆಲಿನ ಸೀಲು. ಹೋಟೆಲು ಹಳ್ಳಿಗಳ ಪಟ್ಟಿ ಕೇಳಿದರೆ ಯಾರಾದರೂ ಏನಂದುಕೊಳ್ಳುತ್ತಾರೆ? ಹೆದ್ದಾರಿ ಪಕ್ಕ ಹೊಲ ಹುಡುಕುತ್ತಿದ್ದಾರೆ ಅಂತ. ಅದಕ್ಕೇ ನಮ್ಮ ಟಪಾಲು ಕಿಟಕಿಯವರು ಜಮೀನು ಶಾಖೆ ಎಂದು ಬರೆದು ನಮಗೆ ಕಳಿಸಿದ್ದಾರೆ. ಸುಮಾರು ಎರಡು ವಾರದಿಂದ ನನ್ನ ಮೇಜಿನಲ್ಲಿದೆ. ಓದಿಗೆ ಅಂತ ಅರ್ಜಿಯಲ್ಲಿ ಎಲ್ಲೂ ಬರೆದಿಲ್ಲ; ವಿದ್ಯಾರ್ಥಿ ಅಂತಾದರೆ ಕಾಲೇಜಿನ ವಿಭಾಗದ ಪತ್ರ ಎಲ್ಲಿ?"

ಸಂಜನಾ ಆ ನೇರಳೆ ಗುರುತನ್ನು ನೋಡಿದಳು. "ಇದು... ಇದನ್ನ ನಾನು ಹಾಕಿಲ್ಲ. ಮೇಡಂ, ಪ್ರಾಮಿಸ್, ಯಾರೋ..."

"ಯಾರೋ ಅಂದರೆ? ಸುಳ್ಳು ಸೀಲಾ? ಹಾಗಾದರೆ ಅದು ಬೇರೆಯೇ ವಿಷಯವಾಯಿತು. ಸಾಹೇಬರಿಗೆ ತೋರಿಸಬೇಕಾಗುತ್ತದೆ."

ಯಶೋದಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಮೇಜಿನ ಅಂಚು ಹಿಡಿದುಕೊಂಡಳು. ಈಗ ಬಾಯಿ ಮುಚ್ಚಿಕೊಂಡು ನಿಂತರೆ ಆ "ಯಾರೋ" ಎನ್ನುವ ಮಾತು ಹುಡುಗಿಯ ತಲೆಯ ಮೇಲೆಯೇ ಕೂತುಬಿಡುತ್ತದೆ.

"ನಾನು ಹಾಕಿದ್ದು, ಬೇನ್" ಎಂದಳು ತನ್ನ ಒಡಕು ಗುಜರಾತಿಯಲ್ಲಿ. "ಅವಳಿಗೆ ಗೊತ್ತೇ ಇಲ್ಲ. ಸೀಲಿಲ್ಲದಿದ್ದರೆ ನೀವು ತೆಗೆದುಕೊಳ್ಳುವುದಿಲ್ಲ ಅಂತ ನಾನೇ ಹಾಕಿದೆ. ಏನು ಮಾಡುವುದಿದ್ದರೂ ನನಗೆ ಮಾಡಿ. ಹುಡುಗಿಯ ವರ್ಷ ಕಳೆಯಬೇಡಿ."

"ಅಜ್ಜೀ!" ಎಂದಳು ಸಂಜನಾ.

ನಳಿನಿಬೇನ್ ಕನ್ನಡಕ ಕೆಳಗಿಳಿಸಿದಳು. ನಗಲಿಲ್ಲ, ಗದರಲೂ ಇಲ್ಲ. "ಬಾ, ಕೂತುಕೊಳ್ಳಿ" ಎಂದು ಕುರ್ಚಿ ತೋರಿಸಿದಳು. ಅಜ್ಜಿಯರನ್ನು ಇಲ್ಲಿ ಎಲ್ಲರೂ ಬಾ ಎಂದೇ ಕರೆಯುವುದು. ಆ ಕರೆ ಕೇಳಿ ಯಶೋದಮ್ಮ ಕುರ್ಚಿಯ ತುದಿಯಲ್ಲಿ ಕೂತಳು.

"ನೋಡಿ" ಎಂದು ನಳಿನಿಬೇನ್ ಸಂಜನಾಳ ಕಡೆ ತಿರುಗಿದಳು, "ಒಮ್ಮೆ ನಂಬರು ಬಿದ್ದ ಕಾಗದವನ್ನು ತಿದ್ದುವ ಹಾಗಿಲ್ಲ, ಹರಿಯುವ ಹಾಗೂ ಇಲ್ಲ. ಇನ್ನೊಂದು ಹಾಳೆಯಲ್ಲಿ ಬರೆದು ಕೊಡಿ: ಪಟ್ಟಿ ನನ್ನ ಓದಿಗೆ, ಹೋಟೆಲಿಗೆ ಸಂಬಂಧವಿಲ್ಲ, ಸೀಲು ತಪ್ಪಿ ಬಿದ್ದದ್ದು. ವಿಭಾಗದ ಪತ್ರ, ಕಾಲೇಜಿನ ಐಡಿ ಜೋಡಿಸಿ. ನಾನು ಟಿಪ್ಪಣಿ ಬರೆದು ಸಾಹೇಬರ ಮುಂದೆ ಇಡುತ್ತೇನೆ. ಪಟ್ಟಿಯೇನೂ ಗುಟ್ಟಿನದ್ದಲ್ಲ. ಆದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಅವರು ಬೇಡ ಅಂದರೆ ಮತ್ತೆ ತಾಲೂಕಿನ ಮಾಮಲತದಾರರ ಕಚೇರಿಗೆ ಹೊಸ ಅರ್ಜಿ ಕೊಡಬೇಕು."

ವಿಭಾಗದ ಪತ್ರ ಸಂಜನಾಳ ಚೀಲದಲ್ಲೇ ಇತ್ತು, ಎರಡು ವಾರದಿಂದ. ಜೋಡಿಸಬೇಕೆಂದು ಅವಳಿಗೆ ತೋಚಿರಲಿಲ್ಲ. ನಳಿನಿಬೇನ್ ಅದನ್ನು ನೋಡಿ, "ಇದೊಂದು ಮೊದಲೇ ಇದ್ದಿದ್ದರೆ ಬಾ ಅವರ ಸೀಲನ್ನು ಯಾರೂ ನೋಡುತ್ತಲೇ ಇರಲಿಲ್ಲ" ಎಂದಳು.

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಒಂದು ಗಂಟೆಯಾಯಿತು, ಎರಡಾಯಿತು. ಬಾಗಿಲು ತೆರೆದಾಗಲೆಲ್ಲ ಯಶೋದಮ್ಮ ಎದ್ದು ನಿಲ್ಲುತ್ತಿದ್ದಳು. ಚೀಲದಲ್ಲಿದ್ದ ಲೈಸೆನ್ಸಿನ ಮೂಲೆ ಅವಳ ತೊಡೆಗೆ ಚುಚ್ಚುತ್ತಿತ್ತು, ಸರಿಸಿಕೊಳ್ಳಲಿಲ್ಲ.

"ಯಾಕೆ ಹೇಳ್ಲಿಲ್ಲ ಅಜ್ಜಿ ನಿನ್ನೆ?"

"ಹೆದ್ರಿಕೆ ಆಯ್ತು."

"ನನ್ನ ಹೆದ್ರಿಕೆಯಾ?"

"ನಿನ್ನ ವರ್ಷದ ಹೆದ್ರಿಕೆ."

ನಾಲ್ಕಕ್ಕೆ ಒಳಗೆ ಕರೆದರು. ಸಾಹೇಬರು ಸಣ್ಣ ಪ್ರಾಯದವರು. ಟಿಪ್ಪಣಿ ಓದಿದರು, ಸೀಲು ನೋಡಿದರು, ಮತ್ತೆ ಯಶೋದಮ್ಮನ ಕಡೆ ತಿರುಗಿದರು. "ಆ ಚೀಲದಲ್ಲಿ ಏನಿದೆ, ಬಾ?"

"ಹೋಟೆಲಿನ ಕಾಗದ, ಸಾಹೇಬ. ತನ್ನಿ ಅಂದಿದ್ದರಲ್ಲ." ಅವಳು ಅದನ್ನು ಸೀಲಿಲ್ಲದ ಕೈಯಲ್ಲಿ ಎತ್ತಿ ಹಿಡಿದಳು.

"ಇಟ್ಟುಕೊಳ್ಳಿ. ಅದನ್ನು ಈಗ ಯಾರೂ ಕೇಳಿಲ್ಲ." ಸಹಿ ಹಾಕಿ ಫೈಲನ್ನು ನಳಿನಿಬೇನ್ ಕಡೆ ದೂಡಿದರು. "ಕೊಟ್ಟು ಕಳಿಸಿ. ಈಗಿನ ಪಟ್ಟಿಯೇ ಇರಲಿ."

ಐದು ಗಂಟೆಗೆ ಪಟ್ಟಿ ಕೈಗೆ ಬಂತು. ಕ್ರಮಸಂಖ್ಯೆ, ಹಳ್ಳಿಯ ಹೆಸರು, ಪ್ರತಿ ಪುಟದಲ್ಲೂ ಸಹಿ, ಅದರ ಪಕ್ಕ ಕಚೇರಿಯ ದುಂಡು ಸೀಲು. ಆ ಸೀಲನ್ನು ಕಂಡು ಯಶೋದಮ್ಮ, "ನೋಡು, ಇವ್ರೂ ಹಾಕ್ತಾರೆ" ಎಂದಳು, ಸಣ್ಣ ದನಿಯಲ್ಲಿ.

ಸಂಜನಾಗೆ ಇಡೀ ದಿನದಲ್ಲಿ ಮೊದಲ ಸಲ ನಗು ಬಂತು.

ಮಕರಪುರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಟಿಕೇಟಿಗೆಂದು ಯಶೋದಮ್ಮ ಮುಷ್ಟಿ ಬಿಚ್ಚಲು ಹೋದಳು. ಬೆರಳುಗಳು ಮರಗಟ್ಟಿದ್ದವು, ಸಂಜನಾಳೇ ಒಂದೊಂದಾಗಿ ಬಿಡಿಸಬೇಕಾಯಿತು. ಬೆವರಿಗೆ ಹಳೆಯ ಶಾಯಿ ಕರಗಿ ಅಂಗೈ ತುಂಬ ಹೋಟೆಲಿನ ಹೆಸರು, ಫೋನ್ ನಂಬರು, ಎಲ್ಲ ನೇರಳೆಯಾಗಿ ಮೂಡಿತ್ತು.

"ಅಜ್ಜಿ, ನಿನಗೂ ನಂಬರು ಬಿತ್ತು! ಇನ್ನು ನಿನ್ನನ್ನ ತಿದ್ದುವ ಹಾಗಿಲ್ಲ."

"ಸುಮ್ಮನಿರೇ" ಎಂದು ಅವಳು ಸೆರಗಿನಲ್ಲಿ ಕೈ ಉಜ್ಜಿದಳು. ಹೋಗಲಿಲ್ಲ. ಸೀಲನ್ನು ಮೊಮ್ಮಗಳ ಚೀಲಕ್ಕೆ ಹಾಕಿದಳು. "ಇದು ನಿನ್ನ ಅಪ್ಪನ ಕೈಗೆ ಕೊಡು, ನನಗೆ ಬೇಡ. ಈಗ ಆ ಹಳ್ಳಿಗಳ ಹೆಸರು ಓದು ಕಾಂಬ. ಎಲ್ಲ ಇದೆಯಾ ನೋಡುವ. ಒಂದು ಬಿಟ್ಟಿದ್ರೂ ಈಗ್ಲೇ ಇಳಿದು ವಾಪಸು ಹೋಗುವ."

ಸಂಜನಾ ಓದತೊಡಗಿದಳು. ಯಶೋದಮ್ಮ ಕಣ್ಣು ಮುಚ್ಚಿ ಕೇಳಿದಳು. ನೇರಳೆ ಬೆರಳುಗಳಲ್ಲಿ ಒಂದೊಂದು ಹೆಸರನ್ನೂ ಎಣಿಸುತ್ತ ಹೋದಳು.