ರಕ್ತದ ಪಾಠಕ್ಕೆ ಬೋರ್‌ವೆಲ್ ನೀರು

ಶಿಡ್ಲಘಟ್ಟದ ಪಿಯು ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಯಾವಾಗ ಬೇಕಾದರೂ "ಹೋಗಿಬನ್ನಿ" ಅನ್ನಬಹುದಾದ ಜಾತಿಯ ಅತಿಥಿ. ಆ ವರ್ಷ ಮಧ್ಯದಲ್ಲಿ ಬಂದ ಹೊಸ ಪ್ರಿನ್ಸಿಪಾಲರು, "ನಾಳೆ ನಿಮ್ಮದೊಂದು ಪಾಠ ನೋಡ್ತೀನಿ ಕಣಮ್ಮ. ಇಟ್ಕೊಳ್ಳೋದೋ ಬಿಡೋದೋ ಆಮೇಲೆ ಹೇಳ್ತೀನಿ" ಎಂದರು. ಅವರು ಇತಿಹಾಸದವರು. ನನ್ನನ್ನೂ ಇತಿಹಾಸ ಮಾಡಿಬಿಡುತ್ತಾರೇನೋ ಎಂದು ರಾತ್ರಿಯೆಲ್ಲ ಹೊರಳಾಡಿದೆ.

ಪಾಠ ಬಫರ್ ದ್ರಾವಣ, ಅಂದರೆ ಆಮ್ಲ ಬಿದ್ದರೂ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಂಕಿ) ಸುಲಭಕ್ಕೆ ಅಲ್ಲಾಡದ ದ್ರಾವಣ. ಉದಾಹರಣೆ ರಕ್ತ. ಎರಡು ಬೀಕರು ಇಟ್ಟೆ. ಒಂದರಲ್ಲಿ ಲ್ಯಾಬಿನ ಕ್ಯಾನಿನಿಂದ ಸುರಿದ ಡಿಸ್ಟಿಲ್ಡ್ ವಾಟರ್, ಅಂದರೆ ಏನೂ ಬೆರೆಯದ ಶುದ್ಧ ನೀರು. ಇನ್ನೊಂದರಲ್ಲಿ ಸೋಡಿಯಂ ಬೈಕಾರ್ಬನೇಟ್ ಕದಡಿ, ಸ್ಟ್ರಾ ಹಾಕಿ ನನ್ನದೇ ಉಸಿರು ಊದಿದೆ.

"ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತೆ. ಈ ಆಮ್ಲ, ಈ ಬೈಕಾರ್ಬನೇಟ್, ಇವೆರಡರ ಜೋಡಿ ನಿಮ್ಮ ರಕ್ತದಲ್ಲೂ ಇದೆ. ದಿಬ್ಬೂರಹಳ್ಳಿ ಬಸ್ಸಿನ ಹಿಂದೆ ಓಡ್ತೀರಲ್ಲ, ಆಗ ರಕ್ತಕ್ಕೆ ಆಮ್ಲ ಸೇರುತ್ತೆ. ಆದ್ರೂ ಪಿಎಚ್ ಏಳೂವರೆ ಹತ್ತಿರದಿಂದ ಅಲ್ಲಾಡೋದೇ ಇಲ್ಲ ಅನ್ನಬಹುದು. ಆಮ್ಲವನ್ನ ಬೈಕಾರ್ಬನೇಟ್ ಹಿಡ್ಕೊಳ್ಳುತ್ತೆ, ಹುಟ್ಟಿದ ಕಾರ್ಬನ್ ಡೈಆಕ್ಸೈಡನ್ನ ಶ್ವಾಸಕೋಶ ಆಚೆ ತಳ್ಳುತ್ತೆ, ಖರ್ಚಾದ ಬೈಕಾರ್ಬನೇಟನ್ನ ಕಿಡ್ನಿ ನಿಧಾನವಾಗಿ ತುಂಬಿಕೊಡುತ್ತೆ."

ಎರಡಕ್ಕೂ ಯೂನಿವರ್ಸಲ್ ಇಂಡಿಕೇಟರ್ ಹಾಕಿದೆ. ಆಮ್ಲವಾದರೆ ಬಣ್ಣ ಹಸಿರಿನಿಂದ ಕೆಂಪಿನ ಕಡೆಗೆ ಹೋಗಬೇಕು. "ಈಗ ನೋಡಿ, ಬರೀ ನೀರು ಒಂದೇ ಹನಿಗೆ ಸೋಲುತ್ತೆ!" ಎಂದು ಜಂಬದಿಂದ ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ.

ಸೋಲಲಿಲ್ಲ. ಎರಡನೇ ಹನಿಗೂ ಹಸಿರು, ಐದನೆಯದಕ್ಕೂ ಹಸಿರು. ಹಾಳಾದ ನೀರು ಕಲ್ಲಿನ ಹಾಗೆ ಕೂತಿತ್ತು. ಪ್ರಿನ್ಸಿಪಾಲರು ಕನ್ನಡಕ ಏರಿಸಿದರು. ಗಾಬರಿಗೆ ಬುಸುಬುಸು ಉಸಿರಾಡುತ್ತಿದ್ದೆ, ಬೆರಳ ತುದಿ ಜುಮುಜುಮು ಅನ್ನುತ್ತಿತ್ತು. ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಪಿಎಚ್ ಮೇಲೇರುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ!

ಬಾಗಿಲಲ್ಲಿ ಇಣುಕುತ್ತಿದ್ದ ಲ್ಯಾಬಿನ ಅಟೆಂಡರಣ್ಣನನ್ನು ಕೇಳಿದೆ, "ಅಣ್ಣಾ, ಈ ಕ್ಯಾನಿನ ನೀರು ಯಾವುದು?"

"ಬೋರ್ ನೀರಮ್ಮ! ಬೆಳಿಗ್ಗೆ ನೋಡಿದ್ರೆ ಕ್ಯಾನು ಖಾಲಿ. ಒಳ್ಳೇ ಕೆಲಸಕ್ಕೆ ಹೊರಟಾಗ ಖಾಲಿ ಕ್ಯಾನು ಎದುರಾದ್ರೆ ಅಪಶಕುನ ಅಲ್ವಾ? ನಿಮಗೋಸ್ಕರಾನೇ ಗಂಟಲ ತನಕ ತುಂಬ್ಸಿಟ್ಟೆ."

ಅಯ್ಯೋ ನನ್ನ ಕರ್ಮವೇ! ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ತರಗತಿ ಗೊಳ್ಳೆಂದಿತು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. "ಮಕ್ಕಳೇ, ಇದು ನನ್ನ ತಪ್ಪು. ನೋಡದೆ ಸುರಿದೆ. ಆದ್ರೆ ಬೋರ್ ನೀರು ಯಾಕೆ ಸೋಲ್ತಿಲ್ಲ? ಕಾಯಿಸೋ ಪಾತ್ರೆ ತಳದಲ್ಲಿ ಬಿಳೀ ಪೊರೆ ಕಟ್ಟುತ್ತಲ್ಲ, ಆ ನೀರಲ್ಲೂ ಬೈಕಾರ್ಬನೇಟೇ ಇರೋದು. ಬಂಡೆ ಸಂದಿಯಿಂದ ಕರಗಿ ಬಂದಿದೆ. ಎಷ್ಟು ಹನಿ ತಡ್ಕೊಳ್ಳುತ್ತೋ ಎಣಿಸೋಣ."

ಎಲ್ಲರೂ ಕೂಗಿ ಎಣಿಸಿದರು. ಮೂವತ್ತೊಂದಕ್ಕೆ ಹಿಂದಿನ ಬೆಂಚು ಹುಮ್ಮಸ್ಸಿನಲ್ಲಿ ತೆಲುಗಿಗೆ ಜಾರಿ "ಮುಪ್ಪೈ ಒಕಟಿ!" ಅಂದಿತು. ನಲವತ್ತು ದಾಟುವಾಗ ನೀರು ಹಳದಿಯಾಯಿತು, ಅರವತ್ತು ದಾಟಿದ ಮೇಲೆ ಕೆಂಪು. ಅಷ್ಟರಲ್ಲಿ ಅಟೆಂಡರಣ್ಣ ಆಫೀಸಿನ ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಾಟಲಿ ಹಿಡಿದು ಓಡಿಬಂದ. ಅದು ಎರಡೇ ಹನಿಗೆ ಕಿತ್ತಳೆಗೆಂಪಾಯಿತು. ಹುಡುಗರು ಶಿಳ್ಳೆ ಹೊಡೆದರು. ಪ್ರಿನ್ಸಿಪಾಲರು ನಗಲಿಲ್ಲ.

ಅವರು ಎದ್ದು ಬಂದು, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳನ್ನು ಎಬ್ಬಿಸಿದರು. "ಹಾಗಾದ್ರೆ ನಮ್ಮ ರಕ್ತಾನೂ ಬೋರ್ ನೀರೇನಮ್ಮ?"

ಮುಗಿಯಿತು ನನ್ನ ಕಥೆ ಅಂದುಕೊಂಡೆ. ನಾನು ಕೇಳಿದರೆ ನೆಲ ನೋಡುವ ಹುಡುಗಿ ಅವಳು. ಈಗಲೂ ನೆಲವನ್ನೇ ನೋಡುತ್ತಾ ಹೇಳಿದಳು, "ಅಲ್ಲ ಸಾರ್. ಬೀಕರಲ್ಲಿರೋ ಬೈಕಾರ್ಬನೇಟ್ ಮುಗಿದ್ರೆ ಮುಗೀತು, ತುಂಬೋರಿಲ್ಲ. ನಮ್ಮ ಮೈಯಲ್ಲಿ ಆಮ್ಲ ಬಂದಷ್ಟೂ ಉಸಿರು ಕಾರ್ಬನ್ ಡೈಆಕ್ಸೈಡನ್ನ ಆಚೆ ಹಾಕುತ್ತೆ, ಕಿಡ್ನಿ ಬೈಕಾರ್ಬನೇಟ್ ತುಂಬಿಸ್ತಾನೇ ಇರುತ್ತೆ. ಅವೆರಡು ನಿಂತೋದ್ರೆ ರಕ್ತಾನೂ ಸೋಲುತ್ತೆ ಸಾರ್."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನನಗೇ ಅರ್ಥ ಆಯ್ತಲ್ಲಮ್ಮ! ಸೋಮವಾರ ಆರ್ಡರ್ ತಗೊಂಡೋಗಿ" ಎಂದು ಹೊರಟರು.

ನನಗೆ ಕಣ್ಣೀರು ಕಿತ್ತುಕೊಂಡು ಬಂತು. ಕೆಲಸ ಉಳಿದದ್ದಕ್ಕಲ್ಲ, ಆ ಹುಡುಗಿಯ ಮಾತಿಗೆ. "ಏನಿಲ್ಲ ಕಣ್ರೋ, ಆಸಿಡ್ ಹೊಗೆ ಕಣ್ಣಿಗೆ ಬಿತ್ತು" ಎಂದು ಬೋರ್ಡಿನ ಕಡೆ ತಿರುಗಿದೆ. ಅಷ್ಟು ತೆಳು ಆಸಿಡ್ಡಿಗೆ ಹೊಗೆ ಬರುವುದಿಲ್ಲವೆಂದು ಅವರಿಗೆ ಕಲಿಸಿದವಳು ನಾನೇ. ಒಬ್ಬರೂ ತುಟಿ ಬಿಚ್ಚಲಿಲ್ಲ.