ಚಮಚದ ಹಿಡಿ

ಬೆಳಕು ಹರಿಯುವ ಮೊದಲು ಅವಳು ನೀರು ಹಿಡಿಯುತ್ತಾಳೆ. ಹಾಲು ಕಾಯಿಸುತ್ತಾಳೆ, ಉಕ್ಕದಂತೆ ಕಾಯುತ್ತ ತರಕಾರಿ ಹೆಚ್ಚುತ್ತಾಳೆ. ಅತ್ತೆಯ ಮಾತ್ರೆಯನ್ನು ಬಟ್ಟಲಿನಲ್ಲಿಟ್ಟು ಪಕ್ಕದಲ್ಲಿ ಲೋಟ ಇಡುತ್ತಾಳೆ, ಇಲ್ಲದಿದ್ದರೆ ಅತ್ತೆ ಮಾತ್ರೆಯನ್ನು ನೀರಿಲ್ಲದೆಯೇ ನುಂಗಿ ಕೆಮ್ಮುತ್ತಾರೆ. ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಾಳೆ, ಮೈದುನನ ಅಂಗಿಗೂ. ನಿನ್ನೆ ನೆನೆಸಿಟ್ಟ ಬಟ್ಟೆ ಹಿಂಡುತ್ತಾಳೆ. ಡಬ್ಬಿಗಳನ್ನು ತುಂಬಿಸಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಪ್ರತಿಯೊಂದನ್ನೂ ಒತ್ತಿ ನೋಡುತ್ತಾಳೆ.

ಆ ಶನಿವಾರ ಡಬ್ಬಿಯ ಮುಚ್ಚಳಗಳನ್ನು ಅವಳು ಎರಡೆರಡು ಸಲ ಒತ್ತಿ ನೋಡಿದಳು.

ಕೆಲಸದ ಕಡೆ ಅವಳನ್ನು ಇಸ್ತ್ರಿಯಕ್ಕ ಎಂದು ಕರೆಯುತ್ತಾರೆ. ಊರಿನ ದೊಡ್ಡ ಆಸ್ಪತ್ರೆಯ ಹಾಸುಬಟ್ಟೆ, ಹೊದಿಕೆ, ಗೌನುಗಳನ್ನು ಒಗೆದು ಒಣಗಿಸಿ ಮಡಚಿ ಕಳಿಸುವ ಲಾಂಡ್ರಿ ಅದು. ಒಂದು ಕಾಲದಲ್ಲಿ ಅಲ್ಲೊಬ್ಬ ಮೇಸ್ತ್ರಿ ಇದ್ದ. ಕೊರಳಲ್ಲಿ ಸೀಟಿ. ಶೌಚಕ್ಕೆ ಹೋದರೂ ಸೀಟಿ, ನೀರು ಕುಡಿದರೂ ಸೀಟಿ. ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆ ದಿನದ ತಪ್ಪುಗಳನ್ನು ಹೆಸರು ಹಿಡಿದು ಓದುತ್ತಿದ್ದ. ಧಣಿ ಲಾಂಡ್ರಿ ಮುಚ್ಚಿ ಹೊರಟುಹೋದಾಗ ಮೇಸ್ತ್ರಿಯೂ ಹೋದ, ಸೀಟಿ ಮಾತ್ರ ಮೊಳೆಯಲ್ಲಿ ನೇತಾಡುತ್ತ ಉಳಿಯಿತು.

ಏಳು ಹೆಂಗಸರು ಸೇರಿ ಸಂಘ ಕಟ್ಟಿ ಬಾಗಿಲು ಮತ್ತೆ ತೆರೆದರು. ಅದಕ್ಕೆಲ್ಲ ಓಡಾಡಿದವಳು ದೊಡ್ಡಮ್ಮ. ಹೆಸರಿಗೆ ತಕ್ಕ ಮೈ, ಮೈಗೆ ತಕ್ಕ ದನಿ. ಮೊದಲ ದಿನ ಅವಳು ಸೀಟಿಯನ್ನು ಕೈಯಲ್ಲಿ ಹಿಡಿದು ಹೇಳಿದ್ದಳು: "ಇದನ್ನ ಎಸೆಯೋದು ಬೇಡ. ವಾರಕ್ಕೊಬ್ಬಳು ಹಾಕ್ಕೊಳ್ಳೋಣ. ಯಾರೂ ಊದೋದು ಮಾತ್ರ ಬೇಡ."

ಹಾಗೆ ಪಾಳಿ ಶುರುವಾಯಿತು. ಸೀಟಿ ಯಾರ ಕೊರಳಲ್ಲಿದೆಯೋ ಆ ವಾರ ಅವಳು ಬೀಗ ತೆಗೆಯಬೇಕು, ಕೆಲಸ ಹಂಚಬೇಕು, ಆಸ್ಪತ್ರೆಯವರ ಫೋನಿಗೆ ಉತ್ತರ ಕೊಡಬೇಕು. ದೊಡ್ಡ ತೀರ್ಮಾನಗಳು ಎಲ್ಲರವು. ಶನಿವಾರ ಸಂಜೆ ಮೇಜಿನ ಸುತ್ತ ಕೂತು ಚಹಾ ಕುಡಿಯುತ್ತ ಸೀಟಿಯನ್ನು ಮುಂದಿನವಳಿಗೆ ದಾಟಿಸುತ್ತಿದ್ದರು. ಆಗ ಒಂದು ಕಟ್ಟುಪಾಡು: ಪಾಳಿ ಮುಗಿಸಿದವಳ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಬೇಕು. ಮೇಸ್ತ್ರಿಯ ಸಂಜೆಗಳನ್ನು ನಿಂತು ಸಹಿಸಿದ್ದವರು ಬೇರೆ ಇನ್ನೇನನ್ನು ಬಯಸಿಯಾರು?

ಆ ಏರ್ಪಾಡು ನಡೆಯಿತು. ಚೆನ್ನಾಗಿಯೇ ನಡೆಯಿತು. ಪಾಳಿ ಬಂದೇ ಬರುತ್ತದೆ ಎಂದು ಗೊತ್ತಿದ್ದರಿಂದ ಎಲ್ಲರೂ ಎಲ್ಲವನ್ನೂ ಕಲಿತರು. ಒಗೆಯುವ ಯಂತ್ರದ ಬೆಲ್ಟು ಹರಿದರೆ ಹಾಕಲು ಮೂವರಿಗೆ ಬರುತ್ತಿತ್ತು. ದೊಡ್ಡಮ್ಮ ಜ್ವರದಲ್ಲಿ ಮಲಗಿದ್ದಾಗಲೂ ಒಂದು ಹೊದಿಕೆ ತಡವಾಗಲಿಲ್ಲ. ಫೋನಿನಲ್ಲಿ ಯಾರ ಜತೆಗೂ ಮಾತಾಡದಿದ್ದ ಇಸ್ತ್ರಿಯಕ್ಕ ತನ್ನ ಎರಡನೇ ಪಾಳಿಯಲ್ಲಿ ಆಸ್ಪತ್ರೆಯ ಉಗ್ರಾಣದವನಿಗೆ, "ರಕ್ತದ ಬಟ್ಟೆ ಬೇರೆ ಚೀಲದಲ್ಲಿ ಕಟ್ಟಿ ಕಳಿಸಿದ್ರೆ ತಗೋತೀವಿ, ಇಲ್ಲಾಂದ್ರೆ ವಾಪಸ್ಸು," ಎಂದಿದ್ದಳು. ಫೋನಿಟ್ಟ ಮೇಲೆ ಬಟ್ಟೆಯ ಗಂಟಿನ ಮೇಲೆ ದೊಪ್ಪನೆ ಕೂತಳು, ಉಳಿದವರು ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನದಿಂದ ಚೀಲಗಳು ಬೇರೆಯಾಗಿಯೇ ಬಂದವು.

ಅದೇ ಹುರುಪಿನಲ್ಲಿ ಅವಳೂ ಅವಳ ವಾರಗಿತ್ತಿಯೂ ಮನೆಯಲ್ಲೂ ಪಾಳಿ ಮಾಡಲು ಹೊರಟಿದ್ದರು. ವಾರಗಿತ್ತಿ, ಎಂದರೆ ಮೈದುನನ ಹೆಂಡತಿ, ಅದೇ ಲಾಂಡ್ರಿಯ ಏಳು ಜನರಲ್ಲಿ ಒಬ್ಬಳು. ಗಂಡಸರಿಬ್ಬರೂ ಖುಷಿಯಿಂದ ಒಪ್ಪಿದರು. ಮೊದಲ ಪಾಳಿ ಇಸ್ತ್ರಿಯಕ್ಕನ ಗಂಡನದು. ಅವನು ಕುರ್ಚಿ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತು, ಇವತ್ತು ಏನು ಮಾಡಬೇಕು, ನಾಳೆ ಏನು ಎಂದು ಅಪ್ಪಣೆ ಕೊಟ್ಟ. ಯಜಮಾನಿಕೆ ಸುತ್ತಿತು, ಪಾತ್ರೆ ತಿಕ್ಕುವ ಕೆಲಸ ಇದ್ದಲ್ಲೇ ಇತ್ತು. "ಭಾವನ ಪಾಳಿ ಮುಗಿದ್ರೆ ಸಾಕಪ್ಪ, ನಮ್ಮದೇ ವಾಸಿ," ಎಂದು ವಾರಗಿತ್ತಿ ಒಲೆಯ ಕಡೆ ತಿರುಗಿ ನಕ್ಕಿದ್ದಳು. ಅಲ್ಲಿಗೆ ಅದು ಮುಗಿಯಿತು.

ಲಾಂಡ್ರಿಯಲ್ಲಿ ಮುಗಿಯದ ಸಂಗತಿ ಗಿರಗಿಟ್ಲೆಯದು.

ಒಗೆದ ಬಟ್ಟೆಯ ನೀರನ್ನು ರಭಸದಿಂದ ತಿರುಗಿಸಿ ಹಿಂಡುವ ಯಂತ್ರಕ್ಕೆ ಅವರಿಟ್ಟ ಹೆಸರು ಅದು. ಸೊಂಟದೆತ್ತರದ ಉಕ್ಕಿನ ಬಾನಿ, ಒಳಗೆ ತೂತುತೂತಿನ ಬುಟ್ಟಿ, ಮೇಲೊಂದು ಮುಚ್ಚಳ. ಮುಚ್ಚಳದ ಕೊಕ್ಕೆ ಅಂಚಿನಲ್ಲಿರುವ ಗುಂಡಿಯನ್ನು ಒತ್ತಿದರೆ ಮಾತ್ರ ಬುಟ್ಟಿ ತಿರುಗಬೇಕು, ಬುಟ್ಟಿ ಪೂರ್ತಿ ನಿಲ್ಲುವ ತನಕ ಕೊಕ್ಕೆ ಬಿಡಬಾರದು. ದೊಡ್ಡಮ್ಮನ ಹಿಂದಿನ ಪಾಳಿಯಲ್ಲಿ ಆ ಕೊಕ್ಕೆ ಮುರಿಯಿತು. ಆಸ್ಪತ್ರೆಯವರು ಗುತ್ತಿಗೆ ಮುಂದುವರಿಸುವ ಮಾತಾಡುತ್ತಿದ್ದ ಸಮಯ. ರಿಪೇರಿಗೆ ಯಂತ್ರ ನಿಲ್ಲಿಸಿದರೆ ಬಟ್ಟೆ ತಡವಾಗುತ್ತದೆ. ದೊಡ್ಡಮ್ಮ ಚಹಾದ ಚಮಚವೊಂದರ ಹಿಡಿ ಮುರಿದು, ಗುಂಡಿ ಒತ್ತಿಕೊಂಡೇ ಇರುವಂತೆ ಸಂದಿಯಲ್ಲಿ ಸಿಕ್ಕಿಸಿದಳು. "ಈ ವಾರ ಒಂದು ಕಳೀಲಿ."

ವಾರ ಕಳೆಯಿತು. ಗುತ್ತಿಗೆಯೂ ಮುಂದುವರಿಯಿತು. ಚಮಚದ ಹಿಡಿ ಅಲ್ಲೇ ಇತ್ತು.

ಈಗ ಗಿರಗಿಟ್ಲೆ ಮುಚ್ಚಳ ತೆರೆದಿದ್ದರೂ ತಿರುಗುತ್ತಿತ್ತು. ಶನಿವಾರದ ಮೇಜಿನ ಸುತ್ತ ಅದರ ಮಾತು ಬರಲಿಲ್ಲ. ಮಾತು ತೆಗೆದರೆ ಯಾರು ಸಿಕ್ಕಿಸಿದ್ದು ಎಂಬ ಪ್ರಶ್ನೆ ಏಳುತ್ತದೆ, ಆಮೇಲೆ ಯಾರು ಯಾರು ನೋಡಿಯೂ ಬಿಟ್ಟರು ಎಂಬ ಪ್ರಶ್ನೆ. ಒಳ್ಳೆಯದನ್ನಷ್ಟೇ ಹೇಳುವ ಸಂಜೆಯಲ್ಲಿ ಅದಕ್ಕೆ ಜಾಗ ಎಲ್ಲಿ? ಒಂದು ವಾರದಲ್ಲಿ ಮುಗಿಯುವ ಕೆಲಸವನ್ನು ಪಾಳಿಯವಳು ಮುಗಿಸುತ್ತಿದ್ದಳು. ವಾರಕ್ಕಿಂತ ಉದ್ದದ ಕೆಲಸ ಯಾರ ಕೆಲಸವೂ ಆಗಿರಲಿಲ್ಲ.

ಈ ವಾರ ಸೀಟಿ ಇಸ್ತ್ರಿಯಕ್ಕನ ಕೊರಳಿಗೆ ಬಂದಿತ್ತು. ಕೆಲಸ ಹಂಚುವಾಗ ಗಿರಗಿಟ್ಲೆಗೆ ವಾರಗಿತ್ತಿಯನ್ನು ಹಾಕಿದವಳು ಅವಳೇ. ತನ್ನ ಮನೆಯವಳಿಗೆ ಹಗುರ ಕೆಲಸ ಕೊಟ್ಟಳು ಎನ್ನಿಸಿಕೊಳ್ಳಬಾರದಲ್ಲ.

ಗುರುವಾರ ಮಧ್ಯಾಹ್ನ ಬಟ್ಟೆ ರಾಶಿ ಬಿದ್ದಿತ್ತು. ವಾರಗಿತ್ತಿ ಸ್ವಿಚ್ಚು ಆರಿಸಿ, ಬುಟ್ಟಿ ನಿಲ್ಲುವುದನ್ನು ಕಾಯದೆ ಮುಚ್ಚಳ ಎತ್ತಿ ಕೈ ಹಾಕಿದಳು. ಇಸ್ತ್ರಿ ಮೇಜಿನಿಂದ ಇಸ್ತ್ರಿಯಕ್ಕ ನೋಡುತ್ತಲೇ ಇದ್ದಳು. ಒದ್ದೆ ಹೊದಿಕೆಯ ತುದಿ ಮೇಲೆದ್ದು, ರವಿಕೆಯ ತೋಳನ್ನು ಸುತ್ತಿ ಒಳಕ್ಕೆ ಸೆಳೆಯಿತು. ವಾರಗಿತ್ತಿಯ ಭುಜ ಬಾನಿಯ ಅಂಚಿಗೆ ಬಡಿಯಿತು. ಬಟ್ಟೆ ಪರ್ರನೆ ಹರಿದ ಸದ್ದು. ಅವಳು ಹಿಂದಕ್ಕೆ ಬಿದ್ದಳು. ತೋಳಿನ ಬಟ್ಟೆ ಬುಟ್ಟಿಯ ಜತೆ ಇನ್ನೂ ಸುತ್ತುತ್ತಿತ್ತು.

"ಹಳೇ ರವಿಕೆ, ಪುಣ್ಯ," ಎಂದಳು ವಾರಗಿತ್ತಿ, ನಗುತ್ತ. "ಹೊಸದಾಗಿದ್ರೆ ಹರೀತಿರಲಿಲ್ಲ."

ಉಳಿದವರೂ ನಕ್ಕರು. ಇಸ್ತ್ರಿಯಕ್ಕನ ಕೈಕೆಳಗೆ ಗೌನು ಸುಟ್ಟ ವಾಸನೆ ಬಂದಿತು.

ಸಂಜೆ ಮನೆಯಲ್ಲಿ ಈರುಳ್ಳಿ ಸುಲಿಯುವಾಗ ವಾರಗಿತ್ತಿಗೆ ಬಲಗೈ ಎತ್ತಲಾಗಲಿಲ್ಲ.

"ಯಂತ್ರ ನಿಲ್ಲಿಸ್ತೀನಿ," ಎಂದಳು ಇಸ್ತ್ರಿಯಕ್ಕ.

"ಅಕ್ಕಾ, ಬೇಡ. ಕೈ ಹಾಕಿದ್ದು ನಾನು. ಬುದ್ಧಿ ಇಲ್ಲದವಳು ಅಂತಾರೆ, ಅಷ್ಟೇ. ಇನ್ನು ಕಾದು ತೆಗೀತೀನಿ."

"ನೀನು ಕಾಯ್ತೀಯ. ಸೋಮವಾರದಿಂದ ಆ ಯಂತ್ರಕ್ಕೆ ಬೇರೆ ಯಾರೋ ಬರ್ತಾರೆ."

"ಬರಲಿ ಬಿಡು. ಆಗ ನಿನ್ನ ಪಾಳಿ ಇರಲ್ಲ."

ಆ ಮಾತಿನಲ್ಲಿದ್ದ ನೆಮ್ಮದಿ ಇಸ್ತ್ರಿಯಕ್ಕನನ್ನು ಹೆದರಿಸಿತು. ಅದೇ ನೆಮ್ಮದಿ ತನ್ನೊಳಗೂ ಇತ್ತು.

ಶುಕ್ರವಾರ ಅವಳು ಕನ್ನಡಕದವಳ ಬಳಿ ಹೋದಳು. ಬಟ್ಟೆ ಎಣಿಸಿ ಕಳಿಸುವವಳು, ಮುಂದಿನ ಪಾಳಿಯವಳು.

"ನನ್ನದು ಸೋಮವಾರದಿಂದ," ಎಂದಳು ಕನ್ನಡಕದವಳು, ಗಂಟು ಕಟ್ಟುವುದನ್ನು ನಿಲ್ಲಿಸದೆ. "ಈ ವಾರದ್ದು ಈ ವಾರ ನೋಡ್ಕೋ. ಇಷ್ಟು ದಿನ ನಾನೂ ಬಾಯಿ ಮುಚ್ಕೊಂಡಿದ್ದೆ, ನಿಂಗೂ ಗೊತ್ತು. ದೊಡ್ಡಮ್ಮನ ಮುಖ ನೋಡಿ ಹೇಳೋಕೆ ನನ್ನ ಕೈಲಾಗಲ್ಲ."

ಕೊನೆಗೆ ದೊಡ್ಡಮ್ಮನ ಬಳಿಯೇ ಹೋದಳು. ದೊಡ್ಡಮ್ಮ ಸೋಪಿನ ನೀರು ಕಲಸುತ್ತಿದ್ದಳು. ಎಲ್ಲವನ್ನೂ ಕೇಳಿ ಕೋಲು ಪಕ್ಕಕ್ಕಿಟ್ಟಳು.

"ಎಷ್ಟು ದಿನ ನಿಲ್ಲುತ್ತೆ ಗೊತ್ತಾ? ಅಷ್ಟು ದಿನ ಕೈಯಲ್ಲಿ ಹಿಂಡ್ತೀಯಾ ಆಸ್ಪತ್ರೆ ಬಟ್ಟೇನ?"

"ಎಲ್ಲರನ್ನೂ ಕೇಳೋಣ ದೊಡ್ಡಮ್ಮ. ಹೊರಗೆ ಕೊಟ್ಟು ಹಿಂಡಿಸಬಹುದು, ಆಸ್ಪತ್ರೆಯವರಿಗೆ ಮೊದಲೇ ಹೇಳಬಹುದು."

"ಕೇಳು. ಯಾರು ಮಾಡಿದ್ದು ಅಂತಾನೂ ಹೇಳು. ನಿಲ್ಲಿಸಿ ನಮ್ಮನ್ನ ಸಾಲಾಗಿ." ದೊಡ್ಡಮ್ಮನ ದನಿ ಎಂದಿನಷ್ಟು ದೊಡ್ಡದಾಗಿರಲಿಲ್ಲ. "ಸೀಟಿ ಕೊರಳಲ್ಲಿದೆ ಅಂತ ನೀನೇನು ಮೇಸ್ತ್ರಿ ಆದ್ಯಾ?"

ಮೇಸ್ತ್ರಿಯಿಲ್ಲದ ಜಾಗದಲ್ಲಿ ಎಲ್ಲರೂ ಒಬ್ಬಳ ಮುಖ ನೋಡಿ ಬಾಯಿ ಮುಚ್ಚಿದರೆ ಅವಳನ್ನು ಏನೆಂದು ಕರೆಯಬೇಕು? ಇಸ್ತ್ರಿಯಕ್ಕನ ನಾಲಿಗೆಯವರೆಗೆ ಬಂದಿತ್ತು. ಅವಳು ಕೋಲೆತ್ತಿ ದೊಡ್ಡಮ್ಮನ ಕೈಗೆ ಕೊಟ್ಟು ತಿರುಗಿ ನಡೆದಳು. ಈ ಕೆಲಸ, ಈ ಬಾಗಿಲು, ತನ್ನ ಕೈಗೆ ಬರುವ ಸಂಬಳ ಎಲ್ಲವೂ ಇದೇ ಹೆಂಗಸಿನ ಓಡಾಟದಿಂದ ಬಂದದ್ದು.

ಶನಿವಾರ ಡಬ್ಬಿಗಳನ್ನು ಮುಚ್ಚಿಟ್ಟು ಅವಳು ಒಬ್ಬಳೇ ಮೊದಲು ಹೊರಟಳು. ಬೀದಿಯಲ್ಲಿ ದೀಪಗಳು ಇನ್ನೂ ಆರಿರಲಿಲ್ಲ. ಬೀಗ ತೆಗೆದಾಗ ಒಳಗಿನಿಂದ ಸೋಪಿನ, ತೇವದ ವಾಸನೆ ಮುಖಕ್ಕೆ ಹೊಡೆಯಿತು. ಕತ್ತಲಲ್ಲಿ ಗಿರಗಿಟ್ಲೆ ಬಾಯಿ ತೆರೆದುಕೊಂಡು ನಿಂತಂತೆ ಕಂಡಿತು. ದೀಪ ಹಾಕಿದ ಮೇಲೂ ಹಾಗೇ ಕಂಡಿತು. ನಿನ್ನೆ ಯಾರೋ ಮುಚ್ಚಳ ಮುಚ್ಚದೆ ಹೋಗಿದ್ದರು.

ಯಂತ್ರದ ಕರೆಂಟು ಆರಿಸಲು ಗೋಡೆಯ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದಳು. ಯಂತ್ರದ ಸ್ವಿಚ್ಚನ್ನೂ ಒಮ್ಮೆ ಹಾಕಿ ಆರಿಸಿ, ಬುಟ್ಟಿ ಅಲುಗುವುದಿಲ್ಲ ಎಂದು ನೋಡಿದಳು. ಆದರೂ ಅಂಚಿನ ಸಂದಿಗೆ ಬೆರಳು ಹಾಕುವ ಮೊದಲು ಗೋಡೆಯ ಕಡೆ ಇನ್ನೊಮ್ಮೆ ತಿರುಗಿ ನೋಡಿದಳು. ಬುಟ್ಟಿಯ ಒಂದು ತೂತಿನಲ್ಲಿ ವಾರಗಿತ್ತಿಯ ರವಿಕೆಯ ಎಳೆ ಸಿಕ್ಕಿಕೊಂಡಿತ್ತು. ಚಮಚದ ಹಿಡಿ ಬಿಗಿಯಾಗಿ ಕೂತಿತ್ತು. ಅತ್ತಿತ್ತ ಅಲ್ಲಾಡಿಸಿ ಎಳೆದಳು. ಟಕ್ಕೆಂದು ಗುಂಡಿ ಮೇಲೆದ್ದಿತು.

ಈಗ ಯಾರು ಸ್ವಿಚ್ಚು ಹಾಕಿದರೂ ಗಿರಗಿಟ್ಲೆ ತಿರುಗುವುದಿಲ್ಲ.

ಹಿಡಿ ಅಂಗೈಯಲ್ಲಿ ತಣ್ಣಗಿತ್ತು. ಹಿತ್ತಿಲ ಬಾಗಿಲಾಚೆ ಮೋರಿ. ಎಸೆದುಬಿಟ್ಟರೆ, ಯಂತ್ರ ಕೆಟ್ಟಿದೆ ಅನ್ನಬಹುದು. ಯಾರ ಹೆಸರೂ ಬರುವುದಿಲ್ಲ. ರಿಪೇರಿಯವನು ಬರುತ್ತಾನೆ. ಸಂಜೆ ಎಲ್ಲರೂ ಅವಳ ವಾರ ಚೆನ್ನಾಗಿತ್ತು ಎನ್ನುತ್ತಾರೆ, ಸೀಟಿ ದಾಟಿಹೋಗುತ್ತದೆ. ಅವಳು ಹಿತ್ತಿಲ ಬಾಗಿಲಿನವರೆಗೆ ನಡೆದಳು. ಅಗುಳಿ ತೆಗೆದಳು ಕೂಡ.

ಚಹಾದ ಡಬ್ಬಿಯಲ್ಲಿ ಇನ್ನೂ ಐದಾರು ಚಮಚಗಳಿದ್ದವು. ರಿಪೇರಿಯವನು ತಡ ಮಾಡಿದರೆ, ಇನ್ನೊಂದು ಯಂತ್ರ ಕೈಕೊಟ್ಟರೆ, ಯಾರೋ ಒಬ್ಬಳು ಒಂದು ವಾರದ ಮಟ್ಟಿಗೆ ಅದರಲ್ಲೊಂದರ ಹಿಡಿ ಮುರಿಯುತ್ತಾಳೆ. ಏಳು ಜನ ಮತ್ತೆ ನೋಡಿಯೂ ನೋಡದವರಂತೆ ಸುತ್ತ ಕೂತು ಚಹಾ ಕುಡಿಯುತ್ತಾರೆ.

ಅವಳು ಅಗುಳಿ ಹಾಕಿದಳು. ಹಿಂದಿರುಗಿ ಬಂದು, ಚಮಚದ ಹಿಡಿಯನ್ನು ಮೇಜಿನ ನಟ್ಟನಡುವೆ, ಕೂತ ಎಲ್ಲರಿಗೂ ಕಾಣುವಂತೆ ಇಟ್ಟಳು. ಬುಟ್ಟಿಯಿಂದ ರವಿಕೆಯ ಎಳೆಯನ್ನು ಬಿಡಿಸಿ ತಂದು ಅದರ ಪಕ್ಕ ಇಟ್ಟಳು. ಮೇಜಿನ ಸುತ್ತ ಏಳು ಕುರ್ಚಿ ಎಳೆದಳು. ಸಂಜೆಯ ತನಕ ಕಾಯುವ ಮಾತಲ್ಲ ಇದು.

ಹೊರಗೆ ದೊಡ್ಡಮ್ಮನ ಕೆಮ್ಮು ಕೇಳಿಸಿತು, ಹಿಂದೆಯೇ ವಾರಗಿತ್ತಿಯ ನಗು. ಇಸ್ತ್ರಿಯಕ್ಕನ ಕೈ ತನ್ನಷ್ಟಕ್ಕೆ ಮೇಜಿನ ಕಡೆ ಚಾಚಿತು. ಇನ್ನೂ ಸಮಯವಿತ್ತು, ಎರಡನ್ನೂ ಸೆರಗಿಗೆ ಕಟ್ಟಿಕೊಳ್ಳಬಹುದಿತ್ತು. ಅವಳು ಕೈಯನ್ನು ಹಿಂದಕ್ಕೆಳೆದು, ಬಾಗಿಲಿಗೆ ಎದುರಾಗಿರುವ ಕುರ್ಚಿಯಲ್ಲಿ ಅದನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.